ಟೆಸ್ಟ್ 'ಕಾಮರ್ಸ್ ತಗೋ' ಅಂದರೆ ಕಾಡಿನ ಆಸೆ ಬಿಡಬೇಕಾ?

*ಸಂಪಾದಕರಿಗೆ ನಮಸ್ಕಾರ. ಈಗಷ್ಟೇ ಎಸ್‌ಎಸ್‌ಎಲ್‌ಸಿ ಮುಗಿಸಿದ್ದೇನೆ. ಗಣಿತ 61, ವಿಜ್ಞಾನ 74. ನಮ್ಮದು ಸಣ್ಣ ಕಾಫಿ ತೋಟ, ವಾರದ ಬಟವಾಡೆ ಲೆಕ್ಕ ಬರೆಯುವುದು ನಾನೇ. ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಓದಬೇಕು ಅಂತ ಆಸೆ. ಶಾಲೆಯಲ್ಲಿ O*NET ಆಸಕ್ತಿ ಟೆಸ್ಟ್ ಮಾಡಿಸಿದರು. ಎಸ್ 27, ಇ 26, ಸಿ 25, ಆರ್ 23, ಐ 23, ಎ 11 ಬಂತು. "ಎಸ್‌ಇಸಿ ಬಂದಿದೆ, ಕಾಮರ್ಸ್ ತಗೋ" ಅಂದರು. ಮೊಬೈಲಿನ ಪರ್ಸನಾಲಿಟಿ ಕ್ವಿಜ್‌ನಲ್ಲಿ ಐಎನ್‌ಎಫ್‌ಪಿ ಬಂತು, ಅದು ಬರಹಗಾರ್ತಿ ಆಗು ಅನ್ನುತ್ತದೆ. ಯಾವುದನ್ನು ನಂಬಲಿ?*
*— ಓದುಗಿ, ಗೋಣಿಕೊಪ್ಪ ಹತ್ತಿರ*

ನೀವು ಅಂಕಗಳನ್ನೂ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಬರೀ ಮೂರು ಅಕ್ಷರ ಕಳಿಸಿದ್ದರೆ ನನಗೆ ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ.

ಈ ಟೆಸ್ಟ್ ಜಾನ್ ಹಾಲೆಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1959ರಲ್ಲಿ ಮುಂದಿಟ್ಟ ವಿಚಾರದ ಮೇಲೆ ನಿಂತಿದೆ. ಕೆಲಸಗಳನ್ನೂ ಜನರ ಒಲವನ್ನೂ ಆರು ಗುಂಪು ಮಾಡಿ ನೋಡಬಹುದು ಎಂದರು ಅವರು. ಆರ್ ಅಂದರೆ ಕೈಕೆಲಸ, ಯಂತ್ರ, ಹೊರಗಿನ ಕೆಲಸ. ಐ ಅಂದರೆ ಕೆದಕಿ ಕಾರಣ ಹುಡುಕುವುದು. ಎ ಕಲೆ, ಎಸ್ ಜನರಿಗೆ ಕಲಿಸುವುದು ಮತ್ತು ನೆರವಾಗುವುದು, ಇ ವ್ಯಾಪಾರ ಮತ್ತು ಮುಂದಾಳತನ, ಸಿ ಲೆಕ್ಕ ಮತ್ತು ಕಡತ. ಒಟ್ಟು 60 ಪ್ರಶ್ನೆ, ಒಂದೊಂದು ಗುಂಪಿಗೆ 10. ಪ್ರತಿ ಪ್ರಶ್ನೆಗೆ 'ಸ್ವಲ್ಪವೂ ಇಷ್ಟವಿಲ್ಲ' ಅಂದರೆ 0, 'ಇಷ್ಟವಿಲ್ಲ' ಅಂದರೆ 1, 'ಗೊತ್ತಿಲ್ಲ' ಅಂದರೆ 2, 'ಇಷ್ಟ' ಅಂದರೆ 3, 'ತುಂಬಾ ಇಷ್ಟ' ಅಂದರೆ 4. ಹಾಗಾಗಿ ಒಂದು ಗುಂಪಿಗೆ ಹೆಚ್ಚೆಂದರೆ 40.

ಈಗ ನಿಮ್ಮ ಅಂಕ ನೋಡಿ. ಮೊದಲ ಸ್ಥಾನದ ಎಸ್‌ಗೂ ಎಸ್‌ಇಸಿ ಅನ್ನುವ ಕೋಡ್‌ನಲ್ಲಿ ಜಾಗವೇ ಸಿಗದ ಆರ್‌ಗೂ ಇರುವ ಅಂತರ ಬರೀ 4. ಆರ್ ಗುಂಪಿನ ಎರಡೇ ಎರಡು ಪ್ರಶ್ನೆಗೆ 'ಗೊತ್ತಿಲ್ಲ' ಅನ್ನುವ ಬದಲು 'ತುಂಬಾ ಇಷ್ಟ' ಅಂತ ಗುರುತು ಹಾಕಿದ್ದರೆ ಆರ್ ಕೂಡ 27 ಆಗುತ್ತಿತ್ತು, ಆಗ ಸಿ ಹೊರಗೆ ಹೋಗಿ ಕಾಮರ್ಸ್ ಮಾತೇ ಏಳುತ್ತಿರಲಿಲ್ಲವೇನೋ. ಒಬ್ಬರಿಗೆ ಒಂದು ಗುಂಪಿನಲ್ಲಿ 36, ಮುಂದಿನದರಲ್ಲಿ 20 ಬಂದರೆ ಅದು ನಿಜಕ್ಕೂ ಏನೋ ಹೇಳುತ್ತಿದೆ. ನಿಮ್ಮ ಐದು ಅಂಕಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಅಂಥ ಕಡೆ ಮೊದಲ ಮೂರು ಅಕ್ಷರ ಹೆಕ್ಕಿ ಕೋಡ್ ಮಾಡುವುದೇ ತಪ್ಪು ದಾರಿ. ನಿಮ್ಮ ಹಾಳೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಿರುವುದು ಒಂದೇ ಅಂಕ, ಎ 11. ನಾಟಕ ಬರೆಯುವುದು, ಸಂಗೀತ, ಚಿತ್ರ ಇವು ನಿಮಗೆ ಅಷ್ಟಾಗಿ ಬೇಡ ಅಂತ ನೀವೇ ಹೇಳಿದ್ದೀರಿ.

ಇನ್ನು ಪ್ರಶ್ನೆಗಳನ್ನೇ ಒಮ್ಮೆ ಓದಬೇಕು. ಯಾರೂ ಮಾಡದ ಕೆಲಸ ಇದು, ಆದರೆ ಗುಟ್ಟೆಲ್ಲ ಅಲ್ಲೇ ಇದೆ. ಆರ್ ಗುಂಪಿನಲ್ಲಿ ಕೇಳುವುದು ಏನು? ಅಡುಗೆಮನೆಯ ಕಪಾಟು ಮಾಡುವುದು, ಇಟ್ಟಿಗೆ ಅಥವಾ ಟೈಲ್ಸ್ ಹಾಕುವುದು, ಬೀಗ ರಿಪೇರಿ, ಲಾರಿ ಓಡಿಸಿ ಮನೆಮನೆಗೆ ಪಾರ್ಸೆಲ್ ಕೊಡುವುದು. ಬಯಲಿಗೆ ಸಂಬಂಧಪಟ್ಟದ್ದು ಅಂದರೆ ಮೀನು ಸಾಕುವುದು ಮತ್ತು ಕಾಡಿನ ಬೆಂಕಿ ನಂದಿಸುವುದು, ಅಷ್ಟೇ. ಸಸಿ ಎಬ್ಬಿಸುವುದು, ಮರದ ಜಾತಿ ಗುರುತಿಸುವುದು, ನೆರಳಿನ ಮರದ ಕೊಂಬೆ ಸವರಿಸುವುದು ಯಾವುದೂ ಇಲ್ಲ. ಟೈಲ್ಸ್ ಹಾಕಲು ಮನಸ್ಸಿಲ್ಲದ ಹುಡುಗಿಗೆ ಆರ್ ಕಡಿಮೆ ಬಂತು ಅಂದ ಮಾತ್ರಕ್ಕೆ ಅವಳಿಗೆ ಕಾಡು ಬೇಡ ಅಂತ ಆಗುತ್ತದಾ?

ಸಿ ಗುಂಪಿನಲ್ಲಿ 'ನೌಕರರ ಸಂಬಳದ ಲೆಕ್ಕ ಹಾಕುವುದು' ಅಂತ ಒಂದು ಪ್ರಶ್ನೆ ಇದೆ. ನೀವು ಪ್ರತಿವಾರ ಬಟವಾಡೆ ಬರೆಯುವವರು. ಎಸ್ ಗುಂಪಿನಲ್ಲಿ 'ಮಕ್ಕಳಿಗೆ ಆಟ ಕಲಿಸುವುದು' ಇದೆ, ಹಾಕಿ ಸ್ಟಿಕ್ ಹಿಡಿದು ಬೆಳೆಯುವ ಕೊಡಗಿನಲ್ಲಿ ಅದಕ್ಕೆ ಇಷ್ಟವಿಲ್ಲ ಅನ್ನುವ ಮಕ್ಕಳು ಎಷ್ಟು ಸಿಗಬಹುದು? ಆದರೆ ಐ ಗುಂಪಿನ 'ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ', 'ನೀರಿನ ಮಾಲಿನ್ಯ ತಗ್ಗಿಸುವ ದಾರಿ ಹುಡುಕುವುದು' ಇವನ್ನು ಹತ್ತನೇ ತರಗತಿಯವರು ಮಾಡಿ ನೋಡಿರುವುದಿಲ್ಲ. ಆಗ ಕೈ ತಾನಾಗಿ 'ಗೊತ್ತಿಲ್ಲ' ಕಡೆಗೆ ಹೋಗುತ್ತದೆ. ಅಂದರೆ ಟೆಸ್ಟ್ ಅಳೆದದ್ದು ನಿಮ್ಮ ಇಷ್ಟವನ್ನು ಮಾತ್ರ ಅಲ್ಲ, ನಿಮ್ಮ ಕಣ್ಣಿಗೆ ಇಲ್ಲಿಯವರೆಗೆ ಬಿದ್ದ ಕೆಲಸಗಳನ್ನೂ ಅದು ಅಳೆದಿದೆ. ಆ 60 ಪ್ರಶ್ನೆಗಳನ್ನು ಮತ್ತೆ ತೆಗೆದು, 'ಗೊತ್ತಿಲ್ಲ' ಅಂದದ್ದರ ಮುಂದೆ 'ನೋಡಿದ್ದೇನೆ' ಅಥವಾ 'ನೋಡಿಲ್ಲ' ಅಂತ ಪೆನ್ಸಿಲ್ಲಿನಲ್ಲಿ ಬರೆಯಿರಿ. 'ನೋಡಿಲ್ಲ' ಎಲ್ಲಿ ಜಾಸ್ತಿ ಇದೆಯೋ ಆ ಗುಂಪಿನ ಅಂಕವನ್ನು ಸದ್ಯಕ್ಕೆ ನಂಬಬೇಡಿ.

ಐಎನ್‌ಎಫ್‌ಪಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಆ ನಾಲ್ಕು ಅಕ್ಷರದ ಪದ್ಧತಿ ಅಮೆರಿಕದ ಒಬ್ಬ ತಾಯಿ ಮತ್ತು ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್, ಸ್ವಿಸ್ ಮನೋವೈದ್ಯ ಯೂಂಗ್ ಅವರ ವಿಚಾರಗಳನ್ನು ಹಿಡಿದು ಕಟ್ಟಿದ್ದು. ಅದರ ತೊಂದರೆ ಇರುವುದು ನಡುವೆ ಗೆರೆ ಎಳೆಯುವುದರಲ್ಲಿ. ಜನರ ಸ್ವಭಾವ ಹೆಚ್ಚಾಗಿ ನಡುವಿನಲ್ಲೇ ಇರುತ್ತದೆ, ಆದರೆ 51 ಬಂದವರು ಒಂದು ಕಡೆ, 49 ಬಂದವರು ಇನ್ನೊಂದು ಕಡೆ. ಕೆಲವೇ ವಾರ ಬಿಟ್ಟು ಮತ್ತೆ ಬರೆದರೆ ಬೇರೆ ಅಕ್ಷರ ಬರುವವರು ಬಹಳ ಜನ. ನಿಮ್ಮ ವಿಷಯದಲ್ಲಂತೂ ಕ್ವಿಜ್ 'ಬರಹಗಾರ್ತಿ' ಅನ್ನುತ್ತಿದೆ, ನಿಮ್ಮದೇ ಎ ಅಂಕ 'ಬೇಡ' ಅನ್ನುತ್ತಿದೆ. ಕ್ವಿಜ್‌ನಿಂದ ತೆಗೆದುಕೊಳ್ಳಬಹುದಾದ ಸುಳಿವು ಇಷ್ಟೇ: ಅಲ್ಲಿನ ಮೊದಲ ಅಕ್ಷರ ಐ ಅಂದರೆ ಅಂತರ್ಮುಖಿ, ಹಾಗಾಗಿ ದಿನವಿಡೀ ಜನರ ನಡುವೆ ಇದ್ದರೆ ನಿಮಗೆ ಸುಸ್ತಾಗುತ್ತದಾ ಅಂತ ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ.

ಈ ಎರಡೂ ಟೆಸ್ಟ್ ಕೇಳದ ಸಂಗತಿಗಳಿವೆ. O*NET ಟೆಸ್ಟ್ ಶುರುವಿನಲ್ಲೇ, ನಿಮಗೆ ಓದು ಸಾಕಷ್ಟಿದೆಯಾ, ಹಣ ಎಷ್ಟು ಸಿಗುತ್ತದೆ ಅಂತ ಯೋಚಿಸದೆ ಉತ್ತರಿಸಿ ಅನ್ನುತ್ತದೆ. ಇಷ್ಟವನ್ನು ಮಾತ್ರ ಬೇರ್ಪಡಿಸಿ ನೋಡಲು ಅದು ಸರಿಯಾದ ಕ್ರಮವೇ. ಆದರೆ ನಿಮ್ಮ ಗಣಿತದ 61 ಅದಕ್ಕೆ ಗೊತ್ತಿಲ್ಲ. ಫಾರೆಸ್ಟ್ರಿ ಅಂದರೆ ಸುಮ್ನೆ ಕಾಡು ಸುತ್ತುವುದಲ್ಲ, ಅದರಲ್ಲಿ ಅಳತೆ ಮತ್ತು ಸಂಖ್ಯಾಶಾಸ್ತ್ರ ಬೇಕಾದಷ್ಟಿದೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಮರದ ಸುತ್ತಳತೆ ಹಿಡಿಯುವುದು, ಎತ್ತರ ಅಂದಾಜಿಸುವುದು, ಅದರಿಂದ ಮರದ ಪ್ರಮಾಣ ಲೆಕ್ಕ ಹಾಕುವುದು, ಮಳೆಗಾಲದಲ್ಲಿ ಜಿಗಣೆ ಕೀಳುತ್ತಾ ಇದೇ ಕೆಲಸವನ್ನು ನೂರಾರು ಮರಕ್ಕೆ ಮಾಡುವುದು. ತೋಟದಲ್ಲಿ ಒಂದು ಎಕರೆಯ ನೆರಳಿನ ಮರಗಳನ್ನು ಆರಿಸಿ, ಜಾತಿ, ಸುತ್ತಳತೆ ಬರೆದು ಪಟ್ಟಿ ಮಾಡಿ. ಮೂವತ್ತನೇ ಮರಕ್ಕೆ ಬೇಜಾರು ಬಂತಾ, ಅಥವಾ ಹೆಸರು ಗೊತ್ತಿಲ್ಲದ ಮರಕ್ಕೆ ಹೆಸರು ಹುಡುಕಲು ನಿಂತಿರಾ ಅನ್ನುವುದು ಯಾವ ಕೋಡ್‌ಗಿಂತಲೂ ಜಾಸ್ತಿ ಹೇಳುತ್ತದೆ. ನಿಮ್ಮ ಎಸ್ ಅಂಕವೂ ಅಲ್ಲಿ ವ್ಯರ್ಥವಲ್ಲ, ಗ್ರಾಮ ಅರಣ್ಯ ಸಮಿತಿಗಳ ಜೊತೆ ಕೂತು ಮಾತಾಡುವುದೂ ಅರಣ್ಯದ ಕೆಲಸವೇ.

ಇನ್ನೊಂದು ಮುಖ್ಯ ಮಾತು, ಬಾಗಿಲುಗಳದ್ದು. ಬಿಎಸ್ಸಿ ಫಾರೆಸ್ಟ್ರಿ ನಾಲ್ಕು ವರ್ಷದ ಕೋರ್ಸ್, ಸೀಟು ಸಿಇಟಿ ಮೂಲಕ, ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಬೇಕು. ಈಗ ಕಾಮರ್ಸ್ ತೆಗೆದುಕೊಂಡರೆ ಆ ಬಾಗಿಲು ಮುಚ್ಚುತ್ತದೆ. ಪಿಸಿಎಂಬಿ ತೆಗೆದುಕೊಂಡರೆ ಅದು ತೆರೆದಿರುತ್ತದೆ, ಎರಡು ವರ್ಷದ ಮೇಲೆ ಮನಸ್ಸು ಬದಲಾದರೆ ಬಿಬಿಎ ಕಡೆಗೂ ಹೋಗಬಹುದು. ನಾಲ್ಕು ಅಂಕದ ಅಂತರ ನೋಡಿ ಮುಚ್ಚುವ ಬಾಗಿಲಲ್ಲ ಅದು. ಆದರೆ ಗಣಿತಕ್ಕೆ ಈ ರಜೆಯಲ್ಲೇ ಕೂರಬೇಕು, ಇಲ್ಲವಾದರೆ ಪಿಸಿಎಂಬಿ ಭಾರವಾಗುತ್ತದೆ.

ಅರ್ಜಿ ಹಾಕುವ ಮೊದಲು ಮನೆಯ ದೊಡ್ಡವರನ್ನು ಕರೆದುಕೊಂಡು ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ ಹೋಗಿ ಬನ್ನಿ, ನಿಮಗೆ ದೂರವೇನಲ್ಲ. ಕೊನೆಯ ವರ್ಷದ ವಿದ್ಯಾರ್ಥಿಗಳು ಸಿಕ್ಕರೆ ಎರಡು ಪ್ರಶ್ನೆ ಕೇಳಿ: ಯಾವ ವಿಷಯ ನಿಮಗೆ ಅತಿ ಕಷ್ಟವಾಯಿತು, ನಿಮ್ಮ ಹಿಂದಿನ ಬ್ಯಾಚಿನವರು ಈಗ ಏನು ಮಾಡುತ್ತಿದ್ದಾರೆ. ಎಲ್ಲರೂ ಆರ್‌ಎಫ್‌ಒ, ಅಂದರೆ ವಲಯ ಅರಣ್ಯಾಧಿಕಾರಿ ಆಗಿರುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಇದೆ. ಉಳಿದವರು ಎಲ್ಲಿದ್ದಾರೆ ಅನ್ನುವುದನ್ನು ಅಪ್ಪ ಅಮ್ಮನೂ ಕೇಳಿಸಿಕೊಳ್ಳಲಿ.

— ಸಂಪಾದಕ