86 ಸ್ಲೈಡ್‌ಗಳಿಂದ ಜೇಬಿನ ಕಾರ್ಡಿಗೆ

ಪ್ರಶ್ನೆ: ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಹೊರಗಿನವರು ಬಂದು ಸುರಕ್ಷತೆ, ಕಾನೂನು ಅಂತ 86 ಸ್ಲೈಡ್ ತೋರಿಸಿ ಹೋದರು. ಮಾರನೇ ದಿನ ಕೇಳಿದರೆ ಹುಡುಗರಿಗೆ ಒಂದೂ ನೆನಪಿಲ್ಲ. ಎಣ್ಣೆ ಹಿಂಡೋ ಎಕ್ಸ್‌ಪೆಲ್ಲರ್ ಹತ್ತಿರ ಕೆಲಸ ಮಾಡೋರು ನೆನಪಿಡಲೇಬೇಕಾದ ನಾಲ್ಕೈದು ಮಾತು ಆರಿಸೋದು ಹೇಗೆ?

ಉತ್ತರ: ಆ ನಾಲ್ಕೈದು ಮಾತನ್ನು ಜೇಬಿನಲ್ಲಿಡುವ ಒಂದು ಕಾರ್ಡಿನಲ್ಲಿ ಬರೆದುಕೊಡಿ. ಆದರೆ ಮೊದಲಿಗೆ, ಇಡೀ ಮಿಲ್‌ಗೆ ಒಂದೇ ಕಾರ್ಡ್ ಮಾಡಬೇಡಿ. ಎಕ್ಸ್‌ಪೆಲ್ಲರ್‌ನವರಿಗೆ ಒಂದು, ಬಾಯ್ಲರ್‌ನವರಿಗೆ ಒಂದು, ಲೋಡಿಂಗ್‌ನವರಿಗೆ ಇನ್ನೊಂದು ಇರಲಿ. ಎಲ್ಲರಿಗೂ ಹೊಂದಬೇಕು ಅಂತ ಬರೆದರೆ ಉಳಿಯುವುದು ‘ಜಾಗ್ರತೆಯಿಂದ ಕೆಲಸ ಮಾಡಿ’ ಎಂಬ ಮಾತು ಮಾತ್ರ. ಅದನ್ನು ಓದಿದವನ ಕೈ ಬೇರೆ ಥರ ಓಡುವುದಿಲ್ಲ.

ಆಮೇಲೆ ಸ್ಲೈಡ್‌ಗಳನ್ನು ಒಂದೊಂದಾಗಿ ತೆಗೆದು ಮೂರು ಪ್ರಶ್ನೆ ಕೇಳಿ. ಇದನ್ನು ಮಾಡಬೇಕಾದ ಕೈ ಈ ಕೆಲಸಗಾರನದೇ? ಆ ಗಳಿಗೆಯಲ್ಲಿ ಗೋಡೆಗೆ ಅಂಟಿಸಿದ ಸೂಚನೆ ನೋಡಲು, ಯಾರನ್ನಾದರೂ ಕೇಳಲು ಪುರುಸೊತ್ತು ಇರುವುದಿಲ್ಲವೇ? ತಪ್ಪಿದರೆ ಸರಿಪಡಿಸಲಾಗದ ಹಾನಿಯೇ? ಮೂರಕ್ಕೂ ಹೌದು ಎಂದರೆ ಅದು ಕಾರ್ಡಿಗೆ. ಲೈಸೆನ್ಸ್, ರಿಜಿಸ್ಟರ್, ವಾರ್ಷಿಕ ತಪಾಸಣೆ, ದಂಡದ ಮೊತ್ತ ಇವೆಲ್ಲ ಮಾಲೀಕರ ಮತ್ತು ನಿಮ್ಮ ಕೆಲಸ, ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಗುತ್ತವೆ. ಓವರ್‌ಟೈಮ್, ರಜೆ, ಇಎಸ್‌ಐ ವಿಷಯ ಕೆಲಸಗಾರನಿಗೆ ಬೇಕು, ಆದರೆ ಓದಿಕೊಳ್ಳಲು ಸಮಯವಿದೆ, ಅದು ಗೋಡೆಗೆ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯ ವಿಷಯವೂ ಗೋಡೆಗೇ ಬರಬೇಕು. ಆಂತರಿಕ ಸಮಿತಿ ರಚಿಸಿದ ಆದೇಶವನ್ನು ಎದ್ದು ಕಾಣುವ ಜಾಗದಲ್ಲಿ ಹಾಕಬೇಕೆಂದು ಕಾಯ್ದೆಯೇ ಹೇಳುತ್ತದೆ. ಅಲ್ಲೇ ಸದಸ್ಯರ ಫೋನ್ ನಂಬರ್ ಬರೆಯಿರಿ, ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು ಎಂಬುದನ್ನೂ ಸೇರಿಸಿ.

ಮೂರೂ ಪ್ರಶ್ನೆ ದಾಟಿ ಬಂದದ್ದನ್ನು ಹಾಗೇ ಚಿಕ್ಕದು ಮಾಡಿದರೆ ಸಾಲದು, ಬೇರೆ ಥರ ಬರೆಯಬೇಕಾಗುತ್ತದೆ. ಒಂದು ಉದಾಹರಣೆ ನೋಡೋಣ. ಇಂಥ ತರಬೇತಿಗಳಲ್ಲಿ ಸಾಮಾನ್ಯವಾಗಿ ಹೀಗೊಂದು ಸಾಲು ಇರುತ್ತದೆ: ‘ಯಂತ್ರಗಳ ನಿರ್ವಹಣೆಗೆ ಮುನ್ನ ಎಲ್ಲಾ ಶಕ್ತಿ ಮೂಲಗಳನ್ನು ಪ್ರತ್ಯೇಕಿಸಿ, ಬೀಗ ಮತ್ತು ಟ್ಯಾಗ್ ಅಳವಡಿಸತಕ್ಕದ್ದು.’ ಮಾತು ಸರಿಯೇ. ಆದರೆ ಕಾಳನ್ನು ಮೇಲಕ್ಕೆ ಸಾಗಿಸುವ ಬಕೆಟ್ ಎಲಿವೇಟರ್‌ನ ತಳದಲ್ಲಿ ಕಾಳು ಕಟ್ಟಿಕೊಂಡಾಗ ಬಾಗಿಲು ತೆಗೆದು ಕೈ ಹಾಕುವ ಹುಡುಗ ತಾನು ನಿರ್ವಹಣೆ ಮಾಡುತ್ತಿದ್ದೇನೆ ಎಂದುಕೊಳ್ಳುವುದೇ ಇಲ್ಲ. ಅವನ ಲೆಕ್ಕದಲ್ಲಿ ನಿರ್ವಹಣೆ ಎಂದರೆ ಫಿಟ್ಟರ್ ಪಾನಾ ಹಿಡಿದು ಬರುವುದು. ಅವನದು ಬರೀ ಕಾಳು ಬಿಡಿಸುವ ಕೆಲಸ, ಹಾಗಾಗಿ ಸ್ಲೈಡ್ ತನಗೆ ಸಂಬಂಧಿಸಿದ್ದಲ್ಲ. ಅದಕ್ಕೇ ಪ್ರತಿ ಸಾಲೂ ಅವನ ಕಣ್ಣಿಗೆ ಬೀಳುವ ಸಂಗತಿಯಿಂದ ಶುರುವಾಗಲಿ: ‘ಎಲಿವೇಟರ್ ಕಟ್ಟಿಕೊಂಡರೆ...’

ಮುಂದಿನ ಅರ್ಧದಲ್ಲಿ ಏನು ಬರೆಯಬೇಕು ಎಂದು ತಿಳಿಯಲು ಯಂತ್ರದ ಹತ್ತಿರವೇ ಹೋಗಿ ನಿಂತು ನೋಡಿ. ಕೆಂಪು ಬಟನ್ ಒತ್ತಿದರೆ ಮೋಟಾರ್ ನಿಲ್ಲುತ್ತದೆ ನಿಜ, ಆದರೆ ಪ್ಯಾನೆಲ್‌ಗೆ ಕರೆಂಟ್ ಇದ್ದೇ ಇರುತ್ತದೆ. ಎಲಿವೇಟರ್ ಯಾಕೆ ನಿಂತಿತು ಅಂತ ಗೊತ್ತಿಲ್ಲದ ಇನ್ನೊಬ್ಬ ಬಂದು ಹಸಿರು ಬಟನ್ ಒತ್ತಿದರೆ ಒಳಗಿರುವ ಕೈ ಹೋಯಿತು. ಆದ್ದರಿಂದ ಯಂತ್ರಕ್ಕೆ ಬರುವ ಕರೆಂಟನ್ನೇ ಕಡಿಯುವ ಐಸೊಲೇಟರ್ ಹಿಡಿಕೆ ಕೆಳಗಿಳಿಸಿ ಬೀಗ ಹಾಕಬೇಕು, ಕೀಲಿ ಕೈ ಹಾಕುವವನ ಜೇಬಿನಲ್ಲೇ ಇರಬೇಕು. ಬೀಗ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ ನೋಡಲೇಬೇಕು, ಏಕೆಂದರೆ ಪಕ್ಕದ ಕನ್ವೇಯರ್‌ನ ಐಸೊಲೇಟರ್ ಇಳಿಸಿಬಿಡುವುದು ಬಹಳ ಸುಲಭದ ತಪ್ಪು.

ಕರೆಂಟ್ ಹೋದರೂ ಇನ್ನೊಂದು ಅಪಾಯ ಉಳಿದಿರುತ್ತದೆ. ಮೇಲೇರುವ ಬದಿಯ ಬಕೆಟ್‌ಗಳಲ್ಲಿ ಕಾಳು ತುಂಬಿರುತ್ತದೆ, ಇಳಿಯುವ ಬದಿಯವು ಖಾಲಿ. ತಳದಲ್ಲಿ ಕಟ್ಟಿಕೊಂಡದ್ದೇ ಬೆಲ್ಟನ್ನು ಹಿಡಿದಿಟ್ಟಿರಬಹುದು. ಅದು ಬಿಟ್ಟುಕೊಂಡ ತಕ್ಷಣ, ಹಿಂದಕ್ಕೆ ತಿರುಗದಂತೆ ತಡೆಯುವ ಬ್ಯಾಕ್‌ಸ್ಟಾಪ್ ಕೆಟ್ಟಿದ್ದರೆ, ಬೆಲ್ಟ್ ತೂಕಕ್ಕೇ ಹಿಂದಕ್ಕೆ ಓಡುತ್ತದೆ. ‘ಕರೆಂಟ್ ತೆಗೆಯಿರಿ’ ಎಂದಷ್ಟೇ ಬರೆದ ಸಾರಾಂಶದಲ್ಲಿ ಈ ಸಂಗತಿ ಪೂರ್ತಿ ಕಳೆದುಹೋಗುತ್ತದೆ; ಮೂಲ ಸ್ಲೈಡ್‌ನ ‘ಎಲ್ಲಾ ಶಕ್ತಿ ಮೂಲಗಳು’ ಎಂಬುದರಲ್ಲಿ ಅದು ಅಡಗಿತ್ತು. ಹಾಗಾಗಿ ಕಾಳನ್ನು ಕೈಯಿಂದಲ್ಲ, ಉದ್ದ ಹಿಡಿಯ ಕೊಕ್ಕೆಯಿಂದ ಎಳೆಯಬೇಕು. ಬೆಲ್ಟ್ ಸರಿಸಬೇಕಾದರೆ ಫಿಟ್ಟರ್‌ನನ್ನೇ ಕರೆಯಬೇಕು.

ಸಾರಾಂಶ ಮಾಡುವಾಗ ಇನ್ನೊಂದು ಕಡೆ ಎಡವುತ್ತಾರೆ. ಒಂದು ಸ್ಲೈಡ್ ‘ಕೈಗವಸು ಧರಿಸಿ’ ಎನ್ನುತ್ತದೆ, ಇನ್ನೊಂದು ‘ತಿರುಗುವ ಭಾಗಗಳ ಬಳಿ ಸಡಿಲ ಉಡುಪು ಬೇಡ’ ಎನ್ನುತ್ತದೆ. ಎರಡನ್ನೂ ‘ರಕ್ಷಣಾ ಸಾಧನ ಬಳಸಿ’ ಅಂತ ಒಂದು ಮಾಡಿದರೆ ಹುಡುಗ ಕಾಳು ಬಿಸಿಮಾಡುವ ಕುಕ್ಕರ್ ಹತ್ತಿರ ಹಾಕಿದ ಬಟ್ಟೆಯ ಕೈಗವಸಿನಲ್ಲೇ ಎಕ್ಸ್‌ಪೆಲ್ಲರ್ ಶಾಫ್ಟ್ ಹತ್ತಿರ ಹೋಗುತ್ತಾನೆ. ಶಾಫ್ಟ್ ಕೈಗವಸಿನ ತುದಿ ಹಿಡಿದರೆ ತೋಳನ್ನೇ ಸುತ್ತಿಕೊಳ್ಳುತ್ತದೆ. ಎಲ್ಲಿ, ಯಾವಾಗ ಎಂಬ ಮಾತು ಉದ್ದವಾಯಿತು ಅಂತ ಕತ್ತರಿಸಬೇಡಿ. ಕತ್ತರಿಸುವುದಿದ್ದರೆ ಕಾಯ್ದೆಯ ಹೆಸರು, ಕಲಂ ಸಂಖ್ಯೆ, ‘ತಕ್ಕದ್ದು’ಗಳನ್ನು ಕತ್ತರಿಸಿ.

ಹೀಗೆ ಸೋಸಿದ ಮೇಲೆ ಎಕ್ಸ್‌ಪೆಲ್ಲರ್ ವಿಭಾಗದ ಕಾರ್ಡ್ ಹೆಚ್ಚುಕಡಿಮೆ ಹೀಗಿರುತ್ತದೆ:

ಎಲಿವೇಟರ್, ಕನ್ವೇಯರ್ ಕಟ್ಟಿಕೊಂಡರೆ: ಐಸೊಲೇಟರ್ ಇಳಿಸು, ನಿನ್ನ ಬೀಗ ಹಾಕು, ಸ್ಟಾರ್ಟ್ ಒತ್ತಿ ನೋಡು. ಆಮೇಲೂ ಕೊಕ್ಕೆ ಮಾತ್ರ, ಕೈ ಬೇಡ.

ಬೇರೆಯವರ ಬೀಗ ಕಂಡರೆ: ಮುಟ್ಟಬೇಡ, ಸ್ಟಾರ್ಟ್ ಮಾಡಬೇಡ.

ಕುಕ್ಕರ್, ಸ್ಟೀಮ್ ಪೈಪ್ ಬಳಿ ಕೈಗವಸು ಹಾಕು. ತಿರುಗುವ ಶಾಫ್ಟ್ ಬಳಿ ಕೈಗವಸು, ಟವೆಲ್, ಸಡಿಲ ತೋಳು ಬೇಡ.

ಗಾರ್ಡ್ ಇಲ್ಲದ ಬೆಲ್ಟ್, ಗೇರ್ ಕಂಡರೆ: ಚಾಲೂ ಮಾಡಬೇಡ, ಸೂಪರ್‌ವೈಸರ್‌ಗೆ ಹೇಳು.

ಎಣ್ಣೆ ಟ್ಯಾಂಕ್, ಗುಂಡಿಗೆ ಇಳಿಯಬೇಡ. ಒಳಗೆ ಯಾರಾದರೂ ಬಿದ್ದಿದ್ದರೂ ಇಳಿಯಬೇಡ, ಕೂಗು.

ಕೊನೆಯ ಸಾಲಿನ ಎರಡನೇ ಭಾಗ ಕಠಿಣ ಅನ್ನಿಸಬಹುದು, ಆದರೂ ತೆಗೆಯಬೇಡಿ. ತಳದ ಗಸಿ ಕೊಳೆತು ಟ್ಯಾಂಕ್‌ನೊಳಗಿನ ಆಮ್ಲಜನಕ ಇಳಿದಿದ್ದರೆ ಮೊದಲು ಬಿದ್ದವನನ್ನು ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ. ಗಾಳಿ ಪರೀಕ್ಷೆ, ಪರವಾನಗಿ, ಮೇಲೆ ನಿಲ್ಲುವ ಕಾವಲಿನವ, ಹಗ್ಗ ಇವೆಲ್ಲ ನಿಮ್ಮ ಕಾಗದದಲ್ಲಿ ಇರಬೇಕಾದದ್ದು.

ಕಾರ್ಡ್ ಅಚ್ಚು ಹಾಕಿಸುವ ಮೊದಲು ಪ್ರತಿ ಸಾಲನ್ನೂ ಪಾಲಿಸಲು ಸಾಧ್ಯವೇ ನೋಡಿ. ನಿಮ್ಮ ಪ್ಯಾನೆಲ್ ಹಳೆಯದಾಗಿದ್ದರೆ ಹಿಡಿಕೆಗೆ ಬೀಗ ತೂರಿಸುವ ತೂತೇ ಇಲ್ಲದಿರಬಹುದು. ಬೀಗಕ್ಕೆ ಎರಡು ಕೀಲಿ ಬಂದು ಒಂದು ಆಫೀಸಿನ ಮೊಳೆಗೆ ನೇತುಬಿದ್ದಿದ್ದರೆ ‘ನಿನ್ನ ಬೀಗ’ ಎನ್ನುವುದಕ್ಕೆ ಅರ್ಥವಿಲ್ಲ.

ಚಳ್ಳಕೆರೆ ಸೀಮೆಯಲ್ಲಿ ತೆಲುಗು ಮನೆಮಾತಿನವರು ಇದ್ದೇ ಇರುತ್ತಾರೆ, ಹಿಂದಿಯವರೂ ಇರಬಹುದು. ಅವರವರ ಭಾಷೆಯ ಕಾರ್ಡ್ ಮಾಡಿಸಿ, ಓದಲು ಬಾರದವರಿಗೆ ನಿಮ್ಮದೇ ಪ್ಯಾನೆಲ್‌ನ ಫೋಟೊ ಹಾಕಿ. ಪರೀಕ್ಷೆಯನ್ನು ಬಾಯಲ್ಲಿ ಮಾಡಬೇಡಿ. ಎಲಿವೇಟರ್ ಹತ್ತಿರ ನಿಲ್ಲಿಸಿ, ‘ಈಗ ಕಟ್ಟಿಕೊಂಡಿತು, ಏನ್ ಮಾಡ್ತೀಯಪ್ಪಾ, ಮಾಡಿ ತೋರ್ಸು’ ಅನ್ನಿ. ಅವನು ನೇರ ಬಾಗಿಲ ಕಡೆ ಹೋದರೆ ಆ ಸಾಲು ಇನ್ನೂ ಸರಿಯಾಗಿಲ್ಲ ಎಂದರ್ಥ.

ಕಾರ್ಡಿನ ಬೆನ್ನಿಗೆ ಚಿಕ್ಕ ಅಕ್ಷರದಲ್ಲಿ ಪ್ರತಿ ಸಾಲು ಯಾವ ಸ್ಲೈಡ್‌ನಿಂದ ಬಂತು ಎಂಬ ಸಂಖ್ಯೆ ಮತ್ತು ತಾರೀಖು ಇರಲಿ. ತರಬೇತಿ ಬದಲಾದಾಗ ಯಾವ ಸಾಲು ತಿದ್ದಬೇಕು ಎಂದು ಹುಡುಕಾಡುವುದು ತಪ್ಪುತ್ತದೆ. 86 ಸ್ಲೈಡ್‌ಗಳನ್ನೂ ಹಾಜರಾತಿ ಸಹಿಗಳನ್ನೂ ಫೈಲಿನಲ್ಲೇ ಇಟ್ಟುಕೊಳ್ಳಿ, ತಪಾಸಣೆಗೆ ಬಂದವರು ಕೇಳುವುದು ಅವನ್ನೇ.