ಹಳೆಯ ಟೋಪೋಶೀಟಿಗೂ ಜಿಪಿಎಸ್‌ಗೂ ಕಾಸರಗೋಡಿನಲ್ಲಿ 180 ಮೀಟರ್ ವ್ಯತ್ಯಾಸ ಏಕೆ?

ಪ್ರಶ್ನೆ: ಕಾಸರಗೋಡಿನ ಹಳೆಯ ಸರ್ವೇ ಆಫ್ ಇಂಡಿಯಾ ಟೋಪೋಶೀಟ್ ಸ್ಕ್ಯಾನ್ ಮಾಡಿ, ಮೂಲೆಗಳ ಅಕ್ಷಾಂಶ-ರೇಖಾಂಶ ಕೊಟ್ಟು QGISನಲ್ಲಿ ಕೂರಿಸಿದೆ. ಕಡಲ ದಂಡೆ ಸರಿಯಾಗಿಯೇ ಇದೆ. ಆದರೆ ಜಂಕ್ಷನ್‌ಗಳೆಲ್ಲ ಫೋನಿನ ಜಿಪಿಎಸ್‌ಗಿಂತ 180 ಮೀಟರಿನಷ್ಟು ಆಚೆ ಇವೆ. ಯಾವುದು ತಪ್ಪು?

ಉತ್ತರ: ನಕ್ಷೆಯೂ ಫೋನೂ ಎರಡೂ ಸರಿ. ಮೂಲೆಯ ಅಂಕಿಗಳನ್ನು ಕೊಡುವಾಗ EPSG:4326, ಅಂದರೆ ಜಿಪಿಎಸ್‌ನ WGS84 ಲೆಕ್ಕ ಎಂದು ಆರಿಸಿದ್ದೀರಿ, ಎಡವಟ್ಟಾದದ್ದು ಅಲ್ಲಿ.

ಹಳೆಯ ಶೀಟುಗಳು ಭೂಮಿಯ ಆಕಾರಕ್ಕೆಂದು ಲೆಕ್ಕ ಹಾಕಿದ ಎವರೆಸ್ಟ್ ದೀರ್ಘಗೋಳದ ಮೇಲೆ ನಿಂತಿವೆ. ಅದನ್ನು ನೆಲಕ್ಕೆ ಹೊಂದಿಸಿದ ಮೂಲಬಿಂದು ಮಧ್ಯಪ್ರದೇಶದ ಕಲ್ಯಾಣಪುರ (ಉಡುಪಿ ಹತ್ತಿರದ್ದಲ್ಲ). ಭಾರತದ ನೆಲಕ್ಕೆ ಚೆನ್ನಾಗಿ ಹೊಂದಲೆಂದು ಕೂರಿಸಿದ ಗೋಳವಾದ್ದರಿಂದ ಅದರ ಕೇಂದ್ರ ಭೂಮಿಯ ಕೇಂದ್ರದಿಂದ 830 ಮೀಟರಿನಷ್ಟು ದೂರ ಉಳಿದಿದೆ. ಜಿಪಿಎಸ್ ಬಳಸುವ WGS84ರ ಕೇಂದ್ರವಾದರೋ ಭೂಮಿಯ ಕೇಂದ್ರದಲ್ಲೇ ಇದೆ. ಹಾಗಾಗಿ ಒಂದೇ ಜಾಗಕ್ಕೆ ಎರಡು ಲೆಕ್ಕದಲ್ಲಿ ಬೇರೆ ಬೇರೆ ಅಕ್ಷಾಂಶ-ರೇಖಾಂಶ ಬರುತ್ತದೆ.

ಕಾಸರಗೋಡು ಪೇಟೆಯ ಹತ್ತಿರವೇ 12°30′, 75°00′ ಮೂಲೆ ಇದೆಯಲ್ಲ, ಅದನ್ನೇ ಪರೀಕ್ಷಿಸಿ:

```
echo 75.0 12.5 | cs2cs -f "%.5f" \
 +proj=longlat +a=6377299.151 +rf=300.8017255 \
 +towgs84=295,736,257 \
 +to +proj=longlat +datum=WGS84
```

ಸುಮಾರು 74.99913, 12.50143 ಬರುತ್ತದೆ, ಮೂರನೆಯ ಅಂಕಿ ಎತ್ತರದ್ದು, ಬಿಟ್ಟುಬಿಡಿ. ಅಂದರೆ ನಿಜವಾದ ಜಾಗ 158 ಮೀಟರ್ ಉತ್ತರಕ್ಕೂ 94 ಮೀಟರ್ ಪಶ್ಚಿಮಕ್ಕೂ ಇದೆ, ನೇರ ಅಳೆದರೆ 184 ಮೀಟರ್. ನಿಮ್ಮ ನಕ್ಷೆ ಅಷ್ಟು ದೂರ ದಕ್ಷಿಣ-ಆಗ್ನೇಯಕ್ಕೆ ಜಾರಿ ಕೂತಿದೆ.

ಕಡಲ ದಂಡೆ ಸರಿ ಕಂಡದ್ದು ಕಣ್ಕಟ್ಟು. ಮಂಜೇಶ್ವರದಿಂದ ಬೇಕಲದವರೆಗೆ ನಮ್ಮ ದಂಡೆ ಹೆಚ್ಚುಕಡಿಮೆ ಇದೇ ದಿಕ್ಕಿಗೆ ಓಡುತ್ತದೆ. ನಕ್ಷೆ ದಂಡೆಯ ಗೆರೆಯ ಉದ್ದಕ್ಕೇ ಜಾರಿದ್ದರಿಂದ ಅಡ್ಡಕ್ಕೆ ಕಾಣುವ ವ್ಯತ್ಯಾಸ ಇಪ್ಪತ್ತು ಮೀಟರ್ ಆಸುಪಾಸು ಮಾತ್ರ. ಆದ್ದರಿಂದ ತಾಳೆ ನೋಡಲು ದಂಡೆ ಬೇಡ. ಹಳೆಯ ಜಂಕ್ಷನ್, ಕೋಟೆಯ ಮೂಲೆ, ರೈಲು ಹಳಿ ಹೊಳೆ ದಾಟುವ ಜಾಗ ಹಿಡಿಯಿರಿ. ಶೀಟಿನ ಉದ್ದಗಲಕ್ಕೂ ಒಂದೇ ದಿಕ್ಕಿಗೆ ಒಂದೇ ಅಳತೆಯಷ್ಟು ಜಾರಿದ್ದರೆ ಅದು ಡೇಟಮ್ಮಿನದು, ಅಂದರೆ ಗೋಳ ಕೂರಿಸಿದ ಲೆಕ್ಕದ್ದು. ಒಂದೊಂದು ಕಡೆ ಒಂದೊಂದು ಥರ ಇದ್ದರೆ ಸ್ಕ್ಯಾನ್ ಸೊಟ್ಟಗಾಗಿದೆ ಅಥವಾ ಬಿಂದು ತಪ್ಪಾಗಿ ಗುರುತಿಸಿದ್ದೀರಿ.

ಸರಿಪಡಿಸಲು ಜಿಯೋರೆಫರೆನ್ಸರ್‌ನಲ್ಲಿ ಅದೇ ಅಂಕಿಗಳನ್ನೇ ಕಲ್ಯಾಣಪುರದ ಲೆಕ್ಕವಾದ EPSG:4146 ಎಂದು ಕೊಟ್ಟು ಉಳಿಸಿ, ಆಮೇಲೆ Warp (Reproject) ಬಳಸಿ EPSG:32643ಕ್ಕೆ ತನ್ನಿ. Set Layer CRS ಬರೀ ಹಣೆಪಟ್ಟಿ ಬದಲಿಸುತ್ತದೆ, ಅಂಕಿಗಳನ್ನು ಮುಟ್ಟುವುದಿಲ್ಲ. ಪರಿವರ್ತನೆಗೆ ಅದನ್ನು ಬಳಸಿದರೆ ಇನ್ನೊಂದು ಗೊಂದಲ. ನಕ್ಷೆಯನ್ನು ಕೈಯಿಂದ 184 ಮೀಟರ್ ಎಳೆದು ಕೂರಿಸುವುದೂ ಬೇಡ, ಪೂರ್ವದ ಬೇರೆ ಶೀಟುಗಳಿಗೆ ಹೋದಂತೆ ಈ ಅಳತೆ ಬದಲಾಗುತ್ತದೆ.

ಇಷ್ಟಾದ ಮೇಲೂ ಹತ್ತಿಪ್ಪತ್ತು ಮೀಟರ್ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಕೇಂದ್ರಗಳ ಅಂತರ ಹೇಳುವ towgs84ರ ಮೂರು ಅಂಕಿಗಳಲ್ಲೇ 10ರಿಂದ 15 ಮೀಟರ್ ಅನಿಶ್ಚಿತತೆ ಇದೆ, ಮತ್ತು 1:50,000 ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಗೆರೆಯೆಂದರೆ ನೆಲದ ಮೇಲೆ 25 ಮೀಟರ್.