ನವಣೆ ಮಾರುವಾಗ ಶೀರ್ಷಿಕೆಯಲ್ಲಿ ಏನಿರಬೇಕು, ವಿವರಣೆಯಲ್ಲಿ ಏನಿರಬೇಕು

ಪ್ರಶ್ನೆ: ನಾನು ಬೆಳೆದ ಸಾವಯವ ನವಣೆಯನ್ನು ಆನ್‌ಲೈನ್‌ನಲ್ಲಿ ಮಾರಬೇಕೆಂದಿದ್ದೇನೆ. ಶೀರ್ಷಿಕೆ ಮತ್ತು ವಿವರಣೆ ಹೇಗೆ ಬರೆಯಲಿ? ಎಲ್ಲಿ ಬೆಳೆದದ್ದು, ಹೇಗೆ ಸಂಸ್ಕರಿಸಿದ್ದು, ಎಷ್ಟು ತೂಕದ ಪ್ಯಾಕ್ ಎಂಬುದನ್ನೆಲ್ಲ ಎಷ್ಟರ ಮಟ್ಟಿಗೆ ಹೇಳಬೇಕು?

ಮೊದಲು ನಿಮ್ಮ ಶೀರ್ಷಿಕೆಯಲ್ಲಿ 'ಅಕ್ಕಿ' ಎಂಬ ಪದ ಇದೆಯೇ ನೋಡಿಕೊಳ್ಳಿ. ಹೊಲದಲ್ಲಿ ಬೆಳೆಯುವುದು ನವಣೆ, ಸಿಪ್ಪೆ ಬಿಡಿಸಿದ ಮೇಲೆ ಸಿಗುವುದು ನವಣೆ ಅಕ್ಕಿ. ಬೆಳೆಯುವ ನಮಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬರೆಯಲು ಮರೆಯುವುದೂ ಅದಕ್ಕೇ. ಮೊದಲ ವರ್ಷ ನಾನು "ಸಾವಯವ ನವಣೆ, 1 ಕೆ.ಜಿ." ಎಂದಷ್ಟೇ ಹಾಕಿದ್ದೆ. ಕಳುಹಿಸಿದ್ದು ಸಿಪ್ಪೆ ಬಿಡಿಸಿದ ಅಕ್ಕಿಯನ್ನು. ಪಂಜರದ ಹಕ್ಕಿಗೆ ಕಾಳು ಬೇಕಾಗಿದ್ದ ಇಬ್ಬರು ಅದನ್ನು ತರಿಸಿಕೊಂಡು ವಾಪಸ್ ಕಳುಹಿಸಿದರು. ಇನ್ನೊಬ್ಬರು ಕುಂಡದಲ್ಲಿ ಬಿತ್ತಿ, ಒಂದೂ ಸರಿಯಾಗಿ ಮೊಳೆಯಲಿಲ್ಲವೆಂದು ಬರೆದರು. ಮೂವರದ್ದೂ ತಪ್ಪಲ್ಲ. ನನ್ನ ಶೀರ್ಷಿಕೆ ಅವರಿಗೆ ಏನನ್ನೂ ಹೇಳಿರಲಿಲ್ಲ.

ಈಗ ನಾನು ಬಳಸುವ ಶೀರ್ಷಿಕೆ ಹೀಗಿದೆ: "ಸಾವಯವ ನವಣೆ ಅಕ್ಕಿ (ಫಾಕ್ಸ್‌ಟೇಲ್ ಮಿಲೆಟ್), ಸಿಪ್ಪೆ ಬಿಡಿಸಿದ್ದು, ಪಾಲಿಶ್ ಮಾಡದ್ದು, 500 ಗ್ರಾಂ". ಕ್ರಮಕ್ಕೆ ಕಾರಣವಿದೆ. ಮೊಬೈಲ್ ಪರದೆಯಲ್ಲಿ ಶೀರ್ಷಿಕೆಯ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ, ಉಳಿದದ್ದು ಮೂರು ಚುಕ್ಕೆಗಳಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ವಸ್ತು ಯಾವುದು ಎಂಬುದು ಮೊದಲು ಬರಬೇಕು. 'ಸಿರಿಧಾನ್ಯ' ಅಥವಾ 'ಮಿಲೆಟ್' ಎಂಬ ಪದದಿಂದ ಶುರು ಮಾಡಿದರೆ ಸಾಮೆ, ಹಾರಕ, ಊದಲು, ಬರಗು, ಕೊರಲೆ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತವೆ. ನವಣೆ ಬೇಕಾದವರಿಗೆ ನೀವು ಕಾಣುವುದಿಲ್ಲ. ನಿಮ್ಮ ಊರಿನ ಹೆಸರು, ತೋಟದ ಹೆಸರು, 'ತಾಜಾ', 'ಶುದ್ಧ', 'ಅತ್ಯುತ್ತಮ' ಇವು ಯಾವುವೂ ಶೀರ್ಷಿಕೆಗೆ ಬೇಡ. ನವಣೆ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹುಡುಕುವವರೂ ಇದ್ದಾರೆ. ಮಾರುವ ತಾಣದಲ್ಲಿ ಹುಡುಕುಪದಗಳಿಗೆ ಪ್ರತ್ಯೇಕ ಖಾನೆ ಇದ್ದರೆ ಅಂಥ ರೂಪಗಳನ್ನೆಲ್ಲ ಅಲ್ಲಿ ತುಂಬಿ, ಶೀರ್ಷಿಕೆಯನ್ನು ಹಗುರವಾಗಿಡಿ.

ವಿವರಣೆಯಲ್ಲಿ ನಾನು ಹೆಚ್ಚು ಜಾಗ ಕೊಡುವುದು ಸಂಸ್ಕರಣೆಗೆ. ದೂರುಗಳೆಲ್ಲ ಅಲ್ಲಿಂದಲೇ ಬರುತ್ತವೆ.

'ಪಾಲಿಶ್ ಮಾಡದ್ದು' ಎಂದು ಬರೆಯುವ ಮುನ್ನ ಮಿಲ್ಲಿನವರನ್ನು ಕೇಳಿ: ಕಾಳು ಯಂತ್ರದಲ್ಲಿ ಎಷ್ಟು ಸುತ್ತು ಹೋಯಿತು, ಯಾವ ಬಗೆಯ ಯಂತ್ರದಲ್ಲಿ? ಕಾಳನ್ನು ವೇಗವಾಗಿ ಬಡಿದು ಸಿಪ್ಪೆ ಒಡೆಯುವ ಯಂತ್ರದಲ್ಲಿ ಒಂದು ಸುತ್ತು ಹೋದರೆ ಒಳಗಿನ ತೌಡಿನ ಪದರ ಬಹುಪಾಲು ಉಳಿಯುತ್ತದೆ. ಉಜ್ಜುವ ಕಲ್ಲಿನ ಯಂತ್ರದಲ್ಲಿ ಎರಡು ಮೂರು ಸುತ್ತು ಹೋದದ್ದನ್ನು, ಪಾಲಿಶ್ ಯಂತ್ರಕ್ಕೆ ಹಾಕದಿದ್ದರೂ, ಪಾಲಿಶ್ ಮಾಡದ್ದು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕಣ್ಣಿಗೇ ಗೊತ್ತಾಗುತ್ತದೆ. ತೌಡು ಉಳಿದ ನವಣೆ ಅಕ್ಕಿ ಮಂದ ಹಳದಿಯಾಗಿ, ಹೊಳಪಿಲ್ಲದೆ ಇರುತ್ತದೆ. ಭೂತಗನ್ನಡಿ ಹಿಡಿದರೆ ಕಾಳಿನ ಒಂದು ಮಗ್ಗುಲಲ್ಲಿ ಮೊಳಕೆಯ ಕಣ್ಣು ಕಾಣುತ್ತದೆ. ಹೆಚ್ಚು ಉಜ್ಜಿದ ಅಕ್ಕಿ ಬಿಳಿಚಿಕೊಂಡಿರುತ್ತದೆ, ಕಣ್ಣಿದ್ದ ಜಾಗದಲ್ಲಿ ಸಣ್ಣ ಗುಳಿ ಮಾತ್ರ ಉಳಿದಿರುತ್ತದೆ. ಈ ಮಂದ ಬಣ್ಣವನ್ನು ವಿವರಣೆಯಲ್ಲೇ ಹೇಳಿಬಿಡಿ. ಇಲ್ಲವಾದರೆ ಬೇರೆ ಕಡೆ ಬಿಳಿ ನವಣೆ ನೋಡಿದವರು ನಿಮ್ಮದನ್ನು ಹಳೆಯ ದಾಸ್ತಾನು ಎಂದುಕೊಳ್ಳುತ್ತಾರೆ. ಸಿಪ್ಪೆ ಬಿಡಿಸುವ ಮುನ್ನ ಹಬೆಯಲ್ಲಿ ಬೇಯಿಸಿ ಒಣಗಿಸಿದ್ದರೆ ಅದನ್ನೂ ಬರೆಯಬೇಕು. ಬೇಯುವ ಸಮಯವೂ ರುಚಿಯೂ ಬೇರೆಯಾಗುತ್ತವೆ.

ಎರಡನೆಯದು, ಸಿಪ್ಪೆ ಬಿಡದೆ ಉಳಿದ ಕಾಳು. ಒಂದೇ ಸುತ್ತಿನಲ್ಲಿ ಬಿಡಿಸಿದರೆ ಕೆಲವು ಉಳಿದೇ ಉಳಿಯುತ್ತವೆ. ನಾನು ಪ್ರತಿ ಸಲವೂ ಚೀಲದ ಮೇಲಿನಿಂದ, ನಡುವಿನಿಂದ, ಅಡಿಯಿಂದ 10 ಗ್ರಾಂನಂತೆ ತೆಗೆದು ಕಪ್ಪು ತಟ್ಟೆಯ ಮೇಲೆ ಹರಡುತ್ತೇನೆ. ಸಿಪ್ಪೆ ಇರುವ ಕಾಳು ನುಣುಪಾಗಿ ಮಿನುಗುತ್ತದೆ, ಅಕ್ಕಿ ಮಿನುಗುವುದಿಲ್ಲ; ಬೆರಳ ತುದಿಯಿಂದ ಒಂದೊಂದಾಗಿ ಪಕ್ಕಕ್ಕೆ ಸರಿಸಿ ಎಣಿಸಬಹುದು. 10 ಗ್ರಾಂನಲ್ಲಿ ನಾಲ್ಕೈದು ಸಾವಿರ ಕಾಳುಗಳಿರುತ್ತವೆ. ಅದರಲ್ಲಿ ಇಪ್ಪತ್ತೈದರ ಒಳಗೆ ಸಿಕ್ಕಿದರೆ ಪ್ಯಾಕ್ ಮಾಡುತ್ತೇನೆ, ಮೀರಿದರೆ ಮತ್ತೆ ಜರಡಿಗೆ ಕಳುಹಿಸುತ್ತೇನೆ. ಇದು ಯಾವ ಸರ್ಕಾರದ ಮಾನದಂಡವೂ ಅಲ್ಲ, ನಾನೇ ಹಾಕಿಕೊಂಡ ಗೆರೆ. ವಿವರಣೆಯಲ್ಲಿ ಇಷ್ಟು ಬರೆಯುತ್ತೇನೆ: "ಸಿಪ್ಪೆ ಬಿಡದ ಕೆಲವು ಕಾಳುಗಳು ಇರಬಹುದು; ತೊಳೆಯುವಾಗ ಮೇಲೆ ತೇಲುವುದನ್ನು ಬಸಿದುಬಿಡಿ." ಈ ಒಂದು ಸಾಲು ಸೇರಿಸಿದ ಮೇಲೆ ಆ ಬಗ್ಗೆ ಬರುತ್ತಿದ್ದ ದೂರು ನಿಂತೇಹೋಯಿತು ಎನ್ನಬಹುದು.

ಮೂರನೆಯದು ದಿನಾಂಕ. ಇದರಲ್ಲಿ ನಾನು ಚೆನ್ನಾಗಿಯೇ ಏಟು ತಿಂದಿದ್ದೇನೆ. ಒಮ್ಮೆ ಸಾಗಣೆ ಖರ್ಚು ಉಳಿಯಲಿ ಎಂದು ಮೂರು ಕ್ವಿಂಟಲ್ ಒಟ್ಟಿಗೆ ಬಿಡಿಸಿಕೊಂಡು ಬಂದೆ. ಆರ್ಡರ್ ಬಂದಂತೆಲ್ಲ ಪ್ಯಾಕ್ ಮಾಡಿ ಆ ದಿನದ ತಾರೀಖು ಹಾಕುತ್ತಿದ್ದೆ. ಐದನೆಯ ತಿಂಗಳಲ್ಲಿ ಹೋದ ಪ್ಯಾಕುಗಳು ಕಮಟು ವಾಸನೆ ಬರುತ್ತಿವೆ ಎಂದು ಸಾಲುಸಾಲಾಗಿ ದೂರು ಬಂದವು. ಲೇಬಲ್ ಪ್ರಕಾರ ಅವು ವಾರದ ಹಿಂದೆ ತಯಾರಾದವು! ಸಿಪ್ಪೆಯೊಳಗಿರುವ ಕಾಳು ಒಣಗಿದ್ದರೆ ವರ್ಷಕ್ಕೂ ಹೆಚ್ಚು ಕೆಡದೆ ಇರುತ್ತದೆ. ಸಿಪ್ಪೆ ಬಿಡಿಸಿದ ಕ್ಷಣದಿಂದ ತೌಡು ಮತ್ತು ಮೊಳಕೆಯಲ್ಲಿರುವ ಎಣ್ಣೆಗೆ ಗಾಳಿ ತಾಗಿ ಅದು ಕೆಡಲು ಶುರುವಾಗುತ್ತದೆ. ಪಾಲಿಶ್ ಮಾಡದ ಅಕ್ಕಿಯಲ್ಲಿ ಆ ಎಣ್ಣೆ ಉಳಿದಿರುವುದರಿಂದ ಇನ್ನೂ ಬೇಗ. ಆದ್ದರಿಂದ ಲೆಕ್ಕ ಶುರುವಾಗಬೇಕಾದದ್ದು ಪ್ಯಾಕ್ ಮಾಡಿದ ದಿನದಿಂದಲ್ಲ, ಸಿಪ್ಪೆ ಬಿಡಿಸಿದ ದಿನದಿಂದ. ಈಗ ಕಾಳನ್ನು ಸಿಪ್ಪೆ ಸಮೇತ ಇಟ್ಟುಕೊಂಡು, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಬಿಡಿಸುತ್ತೇನೆ. ಕಾನೂನು ಕೇಳುವ ದಿನಾಂಕದ ಜೊತೆಗೆ ಸಿಪ್ಪೆ ಬಿಡಿಸಿದ ದಿನಾಂಕವನ್ನೂ ಹಾಕಿ, ಅಲ್ಲಿಂದ ಮೂರು ತಿಂಗಳ ಒಳಗೆ ಬಳಸಿ ಎಂದು ಬರೆಯುತ್ತೇನೆ.

ಮೂಲದ ವಿಷಯಕ್ಕೆ ಬಂದರೆ, ಕೊಳ್ಳುವವರಿಗೆ ನಿಮ್ಮ ಮನೆ ವಿಳಾಸ ಬೇಕಿಲ್ಲ. ಯಾವ ಊರಿನ ಹೊಲ, ಯಾವ ತಿಂಗಳ ಕಟಾವು, ಮಳೆಯಾಶ್ರಿತವೋ ನೀರಾವರಿಯೋ, ಎಲ್ಲವೂ ನಿಮ್ಮದೇ ಬೆಳೆಯೋ ಇಷ್ಟು ಸಾಕು. ಕೊನೆಯದು ಮುಖ್ಯ. ದಾಸ್ತಾನು ಮುಗಿದಾಗ ಪಕ್ಕದ ಹೊಲದವರ ಎರಡು ಮೂಟೆ ಸೇರಿಸಿಕೊಳ್ಳುವುದು ನಮ್ಮಲ್ಲಿ ಸಹಜ. ಆದರೆ ಸೇರಿಸಿದ ದಿನದಿಂದ "ನಮ್ಮ ಹೊಲದ ನವಣೆ" ಎಂಬ ಸಾಲು ಸುಳ್ಳಾಗುತ್ತದೆ. ಅವರ ಜಮೀನು ನಿಮ್ಮ ಪ್ರಮಾಣಪತ್ರದಲ್ಲಿ ಇಲ್ಲದಿದ್ದರೆ 'ಸಾವಯವ' ಎಂಬುದೂ ಅದರ ಜೊತೆಗೇ ಹೋಗುತ್ತದೆ. ಪ್ರಮಾಣಪತ್ರವಿದ್ದರೆ ಅದರ ಸಂಖ್ಯೆ, ಕೊಟ್ಟ ಸಂಸ್ಥೆ, ಯಾವ ದಿನದವರೆಗೆ ಚಾಲ್ತಿ ಎಂಬುದನ್ನು ಹಾಕಿ. ಜಮೀನು ಇನ್ನೂ ಸಾವಯವಕ್ಕೆ ಪರಿವರ್ತನೆಯಾಗುವ ಅವಧಿಯಲ್ಲಿದ್ದರೆ ಹಾಗೆಂದೇ ಬರೆಯಿರಿ. ನವಣೆಯಂಥ ವಾರ್ಷಿಕ ಬೆಳೆಗೆ ಈ ಅವಧಿ ಬಿತ್ತನೆಗೆ ಮುನ್ನ ಕನಿಷ್ಠ ಎರಡು ವರ್ಷ ಎಂದು ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಾರ್ಗಸೂಚಿ ಹೇಳುತ್ತದೆ; ನೀವು ಮಾರುವ ಕಡೆಯ ನಿಯಮವನ್ನು ಒಮ್ಮೆ ನೋಡಿಕೊಳ್ಳಿ. ಮಿಲ್ಲನ್ನೂ ಮರೆಯಬೇಡಿ. ನಿಮಗಿಂತ ಮುಂಚೆ ಬೇರೆಯವರ ಕಾಳು ಹೋದ ಯಂತ್ರದಲ್ಲಿ ನಿಮ್ಮದನ್ನು ಹಾಕಿದರೆ ಅವರದ್ದೊಂದಿಷ್ಟು ನಿಮ್ಮ ಚೀಲಕ್ಕೆ ಬರುತ್ತದೆ. ಯಂತ್ರವನ್ನು ಸ್ವಚ್ಛ ಮಾಡಿಸಿ, ಮೊದಲು ಹೊರಬರುವ ಕೆಲವು ಕೆ.ಜಿ.ಯನ್ನು ಬೇರೆ ಚೀಲಕ್ಕೆ ಹಿಡಿದು ದನಕ್ಕೆ ಹಾಕಿಬಿಡುತ್ತೇನೆ. ಅದೇ ಮಿಲ್ಲಿನಲ್ಲಿ ಗೋಧಿಯೂ ಓಡುವುದಾದರೆ 'ಗ್ಲುಟನ್ ರಹಿತ' ಎಂದು ಬರೆಯಬೇಡಿ. ನವಣೆಯಲ್ಲಿ ಗ್ಲುಟನ್ ಇಲ್ಲ ನಿಜ, ಯಂತ್ರದಲ್ಲಿ ಇದೆ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬಂಥ ಸಾಲುಗಳ ಬಗ್ಗೆ ನಾನು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ತೂಕದಲ್ಲಿ 'ನಿವ್ವಳ' ಎಂಬ ಪದ ತಪ್ಪದೆ ಇರಲಿ, ಮತ್ತು ಅದು ನಿಜವಾಗಿರಲಿ. ನಮ್ಮ ಬಟ್ಟೆ ಚೀಲವೇ 14 ಗ್ರಾಂ ತೂಗುತ್ತಿತ್ತು. ಅದನ್ನು ಕಳೆಯದೆ ತಕ್ಕಡಿಯಲ್ಲಿ ಸರಿಯಾಗಿ 1000 ಗ್ರಾಂ ತೋರಿಸಿದಾಗ ಚೀಲ ಕಟ್ಟುತ್ತಿದ್ದೆ, ಒಳಗಿದ್ದದ್ದು 986. ಆಮೇಲೆ ಚೀಲದ ತೂಕ ಕಳೆಯುವುದನ್ನು ಕಲಿತೆ, ಆದರೂ ಒಬ್ಬರ ತಕ್ಕಡಿಯಲ್ಲಿ 990ರ ಆಸುಪಾಸು ಬಂತು. ಬಟ್ಟೆ ಉಸಿರಾಡುತ್ತದೆ ಎಂಬುದು ಆಗ ತಲೆಗೆ ಹೋಯಿತು. ಶೇ. 12 ತೇವಾಂಶದಲ್ಲಿ ತುಂಬಿದ 1 ಕೆ.ಜಿ.ಯಲ್ಲಿ ಒಣ ಅಂಶ 880 ಗ್ರಾಂ. ಒಣ ಹವೆಯಲ್ಲಿ ಅದು ಶೇ. 11ಕ್ಕೆ ಇಳಿದರೆ ಒಟ್ಟು ತೂಕ ಸುಮಾರು 989 ಗ್ರಾಂ. ಒಂದು ಕಾಳೂ ಕಳುವಾಗಿಲ್ಲ, ಆದರೆ ಕೊಂಡವರಿಗೆ 11 ಗ್ರಾಂ ಕಡಿಮೆ. ಈಗ ಒಳಗೆ ತೇವ ಬಿಡದ ಹಾಳೆಯ ಚೀಲ ಹಾಕಿ, ಐದಾರು ಗ್ರಾಂ ಹೆಚ್ಚಿಗೆ ತುಂಬುತ್ತೇನೆ.

ಎಷ್ಟು ದೊಡ್ಡ ಪ್ಯಾಕ್ ಎಂಬುದನ್ನು ಕಮಟುವಿಕೆಯೇ ತೀರ್ಮಾನಿಸುತ್ತದೆ. ಒಬ್ಬರಿಗೆ ಒಂದು ಹೊತ್ತಿಗೆ 50 ಗ್ರಾಂ ಎಂದರೆ 500 ಗ್ರಾಂನಲ್ಲಿ ಹತ್ತು ಊಟ. ಮೊದಲ ಸಲ ಕೊಳ್ಳುವವರಿಗೆ ಅದೇ ಸರಿ. 1 ಕೆ.ಜಿ. ಬೇಕಾದವರಿಗೆ 500 ಗ್ರಾಂನ ಎರಡು ಚೀಲ ಕೊಡುತ್ತೇನೆ, ಒಂದನ್ನು ತೆರೆದಾಗ ಇನ್ನೊಂದು ಮುಚ್ಚಿರಲಿ ಎಂದು. ಆದರೆ ಅದನ್ನು "2 ಪ್ಯಾಕ್, 1 ಕೆ.ಜಿ." ಎಂದು ಬರೆದರೆ ಒಟ್ಟು ಎರಡು ಕೆ.ಜಿ. ಎಂದು ಓದುವವರು ಇದ್ದೇ ಇರುತ್ತಾರೆ. "500 ಗ್ರಾಂನ 2 ಚೀಲ, ಒಟ್ಟು 1 ಕೆ.ಜಿ." ಎಂದು ಬಿಡಿಸಿ ಬರೆಯಿರಿ.

ನನ್ನ ಈಗಿನ ವಿವರಣೆಯನ್ನು ಹಾಗೆಯೇ ಕೊಡುತ್ತೇನೆ, ಊರು ಮತ್ತು ಸಂಖ್ಯೆಗಳ ಜಾಗ ಬಿಟ್ಟು:

"ನಮ್ಮದೇ ಹೊಲದಲ್ಲಿ ಮಳೆಯಾಶ್ರಯದಲ್ಲಿ ಬೆಳೆದ ನವಣೆ. ಬೆಳೆದ ಊರು: ____. ಕಟಾವು: ನವೆಂಬರ್. ಸಾವಯವ ಪ್ರಮಾಣಪತ್ರ ಸಂಖ್ಯೆ: ____, ಚಾಲ್ತಿ: ____ರವರೆಗೆ. ಬಿಸಿಲಿನಲ್ಲಿ ಒಣಗಿಸಿ, ಕಲ್ಲು ಬೇರ್ಪಡಿಸಿ, ಒಂದೇ ಸುತ್ತಿನಲ್ಲಿ ಸಿಪ್ಪೆ ಬಿಡಿಸಿದ ಅಕ್ಕಿ. ಪಾಲಿಶ್ ಮಾಡಿಲ್ಲ, ಹಬೆಯಲ್ಲಿ ಬೇಯಿಸಿಲ್ಲ. ಬಣ್ಣ ಮಂದ ಹಳದಿ. ಸಿಪ್ಪೆ ಬಿಡದ ಕೆಲವು ಕಾಳುಗಳು ಇರಬಹುದು. ತೊಳೆಯುವಾಗ ಮೇಲೆ ತೇಲುವುದನ್ನು ಬಸಿದುಬಿಡಿ. ಬಿತ್ತನೆಗೆ ಬರುವುದಿಲ್ಲ. ನಿವ್ವಳ ತೂಕ 500 ಗ್ರಾಂ. ಸಿಪ್ಪೆ ಬಿಡಿಸಿದ ದಿನಾಂಕ ಚೀಲದ ಮೇಲಿದೆ. ಅಲ್ಲಿಂದ ಮೂರು ತಿಂಗಳ ಒಳಗೆ ಬಳಸಿ. ತೆರೆದ ಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿ, ತಂಪಾದ ಕಡೆ ಇಡಿ."

ಹೊಸ ಕಟಾವು ಬಂದಾಗ ಇದರಲ್ಲಿ ಬದಲಾಗುವುದು ಕಟಾವಿನ ತಿಂಗಳು ಮತ್ತು ಪ್ರಮಾಣಪತ್ರದ ಅವಧಿ ಮಾತ್ರ. ಅವೆರಡನ್ನೂ ಹಳೆಯ ಚೀಲಗಳು ಪೂರ್ತಿ ಖಾಲಿಯಾದ ಮೇಲೆಯೇ ಬದಲಿಸಿ.